ಹೊಳಪು ಬಂದ ಸರ

ತಿಪ್ಪೇರುದ್ರಪ್ಪ ಸರವನ್ನು ಕೈಗೆ ಕೊಡಲಿಲ್ಲ. ಮೌನೇಶಾಚಾರಿಯ ಮುಂದಿದ್ದ ಹಲಗೆಯ ಮೇಲೆ ಎಸೆದ. ಅದರ ಪಕ್ಕಕ್ಕೆ ಹಳೇ ರಸೀದಿಯೊಂದನ್ನು ಬಿಡಿಸಿಟ್ಟ. ಹೆಂಡತಿ ಕೊಟ್ರಮ್ಮ ಸೆರಗನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಬಾಗಿಲ ಬಳಿಯೇ ನಿಂತಿದ್ದಳು.

"ಮೂವತ್ತೆರಡು ಗ್ರಾಂ ಅಂತ ನೀವೇ ಬರ್ಕೊಟ್ಟಿದ್ದು ಇದು. ನಿನ್ನೆ ದಾವಣಗೆರೇಲಿ ಹೊಸ ಡಿಸೈನಿಗೆ ಬದಲಾಯಿಸೋಣ ಅಂತ ತಕ್ಕಡಿಗೆ ಹಾಕಿಸಿದ್ರೆ ಇಪ್ಪತ್ತೆಂಟೂವರೆ! ಮೂರೂವರೆ ಗ್ರಾಂ ಎಲ್ಲಿಗೆ ಹೋಯ್ತು ಆಚಾರ್ರೇ? ಕಾಲು ಬಂತಾ ಅದಕ್ಕೆ?"

ಹೊಳಲ್ಕೆರೆಯ ಪೇಟೆಬೀದಿಯಲ್ಲಿ ಬೆಳಗಿನ ಹತ್ತೂವರೆ ಗಂಟೆ. ಎದುರಿನ ಚಹಾದಂಗಡಿಯಲ್ಲಿ ಲೋಟ ಹಿಡಿದಿದ್ದ ನಾಲ್ಕೈದು ಜನ ಮಾತು ನಿಲ್ಲಿಸಿ ಇತ್ತ ತಿರುಗಿದರು. ಆಚಾರಿಯ ಮೈಯೆಲ್ಲ ಉರಿದುಹೋಯಿತು. ಅಕ್ಕಸಾಲಿಯ ಮೇಲೆ ಊರಿಗೆ ಮೊದಲೇ ಒಂದು ಕಣ್ಣು. ಇವನು ಮೆತ್ತಗೆ ಒಳಗೆ ಬಂದು ಕೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ದೊಡ್ಡ ಗಾಜಿನ ಅಂಗಡಿಗಳು ಬಂದ ಮೇಲೆ ಆಚಾರಿಗೆ ಉಳಿದಿದ್ದೇ ಹೆಸರೊಂದು. ಅದನ್ನೂ ಇವತ್ತು ಬೀದಿಗೆ ಹಾಕಿಬಿಡುತ್ತಾನೆ ಈ ಎಣ್ಣೆ ಅಂಗಡಿಯವನು.

"ಮಾಡಿಸಿದ ದಿನ ನನ್ನ ಮಾತು ನಂಬದೆ ಇನ್ನೆರಡು ಕಡೆ ತೂಗಿಸಿ ನೋಡಿದ್ರಲ್ಲ, ಆಗ ಎಷ್ಟು ಬಂತು?" ಎಂದ.

"ಆಗ ಸರಿ ಇತ್ತು. ಹೋದ ವರ್ಷ ಕೊಂಡಿ ಬೆಸುಗೆಗೆ ಅಂತ ಕೊಟ್ಟಿದ್ವಲ್ಲ, ಆಗ ಉಜ್ಜಿಕೊಂಡ್ರೇನೋ! ಎರಡು ದಿನ ನಿಮ್ಮ ಹತ್ರಾನೇ ಇತ್ತು."

ಆಚಾರಿ ಸರವನ್ನು ತನ್ನ ತಕ್ಕಡಿಗೆ ಹಾಕಿದ. ಇಪ್ಪತ್ತೆಂಟು ಗ್ರಾಂ, ನಾನೂರ ಎಂಬತ್ತು ಮಿಲಿಗ್ರಾಂ. ದಾವಣಗೆರೆಯವರು ಸುಳ್ಳು ಹೇಳಿರಲಿಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಸರವನ್ನು ಬೆಳಕಿಗೆ ಹಿಡಿದ. ಸರ ಹೊಸದರಂತೆ ಫಳಫಳ ಎನ್ನುತ್ತಿತ್ತು. ಅವನಿಗೆ ಅನುಮಾನ ಬಂದದ್ದು ಅದಕ್ಕೇ. ಎಂಟು ವರ್ಷ ಎಣ್ಣೆ, ಬೆವರು ಕಂಡ ಸರ ಯಾರೂ ಮುಟ್ಟದೆ ಹೀಗೆ ಹೊಳೆಯುವುದಿಲ್ಲ.

"ಇಲ್ಲಿ ನೋಡಿ," ಎಂದು ತಿಪ್ಪೇರುದ್ರಪ್ಪನ ಕೈಗೆ ಭೂತಗನ್ನಡಿ ಕೊಟ್ಟ. "ಹಾಕ್ಕೊಂಡು ಹಾಕ್ಕೊಂಡು ಸವೆದ್ರೆ ಕೊಂಡಿಗೆ ಕೊಂಡಿ ಉಜ್ಜೋ ಜಾಗದಲ್ಲಿ ಮಾತ್ರ ಸವೆಯತ್ತೆ. ನಾನು ಅರ ಹಾಕಿ ಕದ್ದಿದ್ರೆ ಅರದ ಗೀರು ಇರಬೇಕು. ಇದು ಒಳಗೂ ಹೊರಗೂ ಒಂದೇ ಸಮ ತೆಳ್ಳಗಾಗಿದೆ. ಮೈಮೇಲೆಲ್ಲ ಸಣ್ಣ ಸಣ್ಣ ಗುಳಿ. ಕೊಕ್ಕೆ ನಾಲಿಗೆ ಒಳಗಡೆ ನನ್ನ ಅಚ್ಚು ಹೊಡೆದಿದ್ದೆ, ಏನೂ ತಾಗದ ಜಾಗ ಅದು. ಅದೂ ಅಳಿಸಿಹೋಗಿದೆ. ಇದು ನೀರಲ್ಲಿ ಕರಗಿರೋ ಚಿನ್ನ ರುದ್ರಪ್ಪಾರೇ. ಎರಡು ಆಸಿಡ್ ಕೂಡಿಸಿದ ನೀರಲ್ಲಿ ಅದ್ದಿದ್ದಾರೆ ಯಾರೋ."

"ನಿಮ್ಮ ಹತ್ರಾನೂ ಆಸಿಡ್ ಇರುತ್ತಲ್ಲ?"

ಎಷ್ಟು ಬಡಿದುಕೊಂಡರೂ ಅಷ್ಟೇ! ಆಚಾರಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಅವನು ಗಂಡನನ್ನು ಬಿಟ್ಟು ಕೊಟ್ರಮ್ಮನ ಕಡೆ ತಿರುಗಿದ.

"ಅಮ್ಮಾ, ಮನೆಗೆ ಯಾರಾದ್ರೂ ಬಂದಿದ್ರಾ, ಪಾತ್ರೆ ಬೆಳಗೋ ಪುಡಿ ಮಾರ್ತೀವಿ, ಒಡವೆ ಪಾಲಿಶ್ ಮಾಡ್ತೀವಿ ಅಂತ?"

"ಯಾರೂ ಬಂದಿಲ್ಲ," ಎಂದಳು ಆಕೆ, ಕೇಳಿ ಮುಗಿಸುವ ಮೊದಲೇ.

"ಅವಳಿಗೇನು ಬುದ್ಧಿ ಇಲ್ವಾ, ದಾರಿಯಲ್ಲಿ ಹೋಗೋರಿಗೆ ಕೊಡೋಕೆ?" ಎಂದ ತಿಪ್ಪೇರುದ್ರಪ್ಪ. "ನಾನು ಹೇಳಿಟ್ಟಿದೀನಿ, ಅಂಥೋರನ್ನ ಗೇಟಿಂದ ಒಳಗೆ ಬಿಟ್ರೆ ಸುಮ್ನಿರಲ್ಲ ಅಂತ."

ಅಲ್ಲಿಗೆ ಆಚಾರಿಗೆ ವಿಷಯ ಅರ್ಥವಾಯಿತು. ಈಕೆ ಗಂಡನ ಮುಂದೆ ಸತ್ತರೂ ಬಾಯಿ ಬಿಡುವುದಿಲ್ಲ. ಇವಳು ಬಾಯಿ ಬಿಡದಿದ್ದರೆ ಚಹಾದಂಗಡಿಯವರು ಸಂಜೆಯೊಳಗೆ ತನ್ನನ್ನು ಕಳ್ಳ ಮಾಡಿ ಊರೆಲ್ಲ ಮೆರವಣಿಗೆ ಮಾಡಿರುತ್ತಾರೆ. ಆದರೂ ಆತ ಗದರಲಿಲ್ಲ. ತನ್ನಷ್ಟಕ್ಕೆ ಹೇಳಿಕೊಳ್ಳುವವನಂತೆ ಶುರು ಮಾಡಿದ.

"ಅವ್ರು ಮೊದಲು ಹಿತ್ತಾಳೆ ದೀಪ ಬೆಳಗಿ ಕೊಡ್ತಾರೆ, ದುಡ್ಡು ಬೇಡ ಅಂತಾರೆ. ಆಮೇಲೆ ಬೆಳ್ಳಿ ಕಾಲುಂಗುರ. ನಂಬಿಕೆ ಬಂದ ಮೇಲೆ ಚಿನ್ನ. ಬಟ್ಟಲಿಗೆ ನೀರಂಥದ್ದು ಹಾಕಿ ಸರ ಅದ್ದುತ್ತಾರೆ. ಚಿನ್ನ ಕರಗಿದ್ರೆ ನೀರು ಹಳದಿ ಆಗುತ್ತಲ್ಲ, ಅನುಮಾನ ಬರದೆ ಇರಲಿ ಅಂತ ಒಂದು ಚಿಟಿಕೆ ಅರಿಶಿನ ಹಾಕ್ತಾರೆ. ಅರಿಶಿನ ಕಂಡ್ರೆ ಹೆಂಗಸರಿಗೆ ಧೈರ್ಯ. ಕೊನೆಗೆ ಸೋಪಲ್ಲಿ ತೊಳೆದು ಫಳಫಳ ಅನ್ನೋ ಸರ ಕೈಗಿಡ್ತಾರೆ. ಆದ್ರೆ ಆ ನೀರನ್ನ ಮಾತ್ರ ನಿಮ್ಮ ಮೋರಿಗೆ ಚೆಲ್ಲಲ್ಲ."

"ಗಿಡ ಸತ್ತುಹೋಗ್ತವೆ ಅಂತ ಬಾಟ್ಲಿಗೆ ಹಾಕ್ಕೊಂಡ್ರು," ಎಂದುಬಿಟ್ಟಳು ಕೊಟ್ರಮ್ಮ.

ಚಹಾದಂಗಡಿಯಲ್ಲಿ ಯಾರೋ "ಅಯ್ಯೋ" ಅಂದದ್ದು ಕೇಳಿಸಿತು. ತಿಪ್ಪೇರುದ್ರಪ್ಪ ಹೆಂಡತಿಯನ್ನು ತಿನ್ನುವ ಹಾಗೆ ನೋಡಿದ.

"ಮನೆಹಾಳಿ! ನಾನಿಲ್ಲಿ ಊರ ಮುಂದೆ ಇವರ ಮೇಲೆ ಎಗರಾಡ್ತಿದೀನಿ, ಬಾಯಿಗೆ ಏನು ತುಂಬ್ಕೊಂಡಿದ್ದೆ?"

ಗೆದ್ದೆನೆಂದು ಆಚಾರಿಗೆ ಒಂದು ಗಳಿಗೆ ಎದೆ ಹಗುರವಾಯಿತು. ಎದುರಿನವರೆಲ್ಲ ಕೇಳಿಸಿಕೊಂಡಿದ್ದರು, ಹೆಸರು ಉಳಿಯಿತು. ದೊಡ್ಡ ಮನುಷ್ಯನಂತೆ ಬುದ್ಧಿ ಹೇಳುವ ಹುಮ್ಮಸ್ಸೂ ಬಂತು.

"ಹೋಗ್ಲಿ ಬಿಡಿ. ಒಂದೊಂದನ್ನೂ ನಲವತ್ತು ಸಲ ಹೇಳ್ತೀನಿ, ಯಾರೂ ಕೇಳಲ್ಲ. ಒಡವೆ ಯಾರ ಕೈಗೆ ಕೊಟ್ರೂ ಮೊದಲು ತೂಕ, ಆಮೇಲೆ ತೂಕ, ಎರಡೂ ನಿಮ್ಮ ಕಣ್ಣ ಮುಂದೆ. ನನಗೆ ಕೊಟ್ರೂ ಅಷ್ಟೇ. ಬಾಗಿಲಿಗೆ ಬಂದವ್ರಿಗೆ ಹಿತ್ತಾಳೆ ಚೊಂಬನ್ನೂ ಕೊಡಬೇಡಿ. ಈಗ ಪೊಲೀಸ್ರಿಗೆ ಫೋನ್ ಮಾಡಿ, ನಿಮ್ಮ ಬೀದಿಯವ್ರಿಗೂ ಹೇಳಿ. ಅಲ್ಲ ಅಮ್ಮಾ, ಇಷ್ಟು ಹತ್ತಿರ ನಾನಿರುವಾಗ, ಗುರುತಿಲ್ಲದವರ ಕೈಗೆ ಸರ ಬಿಚ್ಚಿ ಕೊಡೋದಾ?"

ಕೊಟ್ರಮ್ಮ ತಲೆ ಎತ್ತಿದಳು. ಕಣ್ಣು ಕೆಂಪಾಗಿದ್ದವು. ಅದು ಅಳು ಮಾತ್ರವಲ್ಲ, ಸಿಟ್ಟೂ ಹೌದು.

"ನೀವಿದ್ರಾ? ತಂಗಿ ಮಗಳ ಮದುವೆ ಇದೆ, ಸರ ಕಪ್ಪಗಾಗಿದೆ, ಸ್ವಲ್ಪ ತೊಳೆದುಕೊಡಿ ಅಂತ ಬಂದೆ. ನಾಳೆ ಬನ್ನಿ ಅಂದ್ರಿ. ಮಾರನೇ ದಿನ ಬಂದೆ, ಸಂಜೆ ಬನ್ನಿ ಅಂದ್ರಿ. ಸಂಜೆ ಬಂದ್ರೆ ಬಾಗಿಲು ಹಾಕಿತ್ತು. ನಾಲ್ಕನೇ ಸಲ ಬಂದಾಗ ತಲೆ ಎತ್ತದೆ, 'ಶುಕ್ರವಾರ ಆಗ್ಲಿ ತಾಯಿ' ಅಂದ್ರಿ. ಮದುವೆ ಗುರುವಾರ ಇತ್ತು ಆಚಾರ್ರೇ. ಅವ್ರು ಬುಧವಾರ ನನ್ನ ಬಾಗಿಲಿಗೇ ಬಂದು ಅಕ್ಕಾ ಅಂದ್ರು."

ಆಚಾರಿಗೆ ನೆನಪಿರಲಿಲ್ಲ. ಊರಿನ ಎಷ್ಟು ಹೆಂಗಸರಿಗೆ ಎಷ್ಟು ಸಲ ಹೀಗೆಂದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಮಾಡಲಾಗದ ಕೆಲಸವೆಂದಲ್ಲ, ಚಿಲ್ಲರೆ ಕೆಲಸವೆಂದು.

"ಕಿವಿಯೋಲೆ ಬಿಚ್ಚಿ ಕೊಡಿ," ಎಂದ ಆಚಾರಿ.

"ಯಾಕೆ?"

"ಕೊಡಿ ಅಮ್ಮಾ."

ಅನುಮಾನಿಸುತ್ತಲೇ ಆಕೆ ಕೊಟ್ಟಳು. ಆಚಾರಿ ಓಲೆಗಳನ್ನು ತಕ್ಕಡಿಗೆ ಹಾಕಿ, ತಕ್ಕಡಿಯನ್ನು ಅವಳ ಕಡೆಗೆ ತಿರುಗಿಸಿದ. ಆಕೆ ಅಂಕಿಗಳನ್ನು ಬಾಯಲ್ಲಿ ಓದಿದಳು. ಉಗುರು ಬೆಚ್ಚಗಿನ ನೀರಿಗೆ ಅಂಟುವಾಳದ ನೊರೆ ಕೂಡಿಸಿ, ಓಲೆ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಸಂದುಗಳನ್ನು ತಿಕ್ಕಿದ. ನೊರೆಗೆ ಮಣ್ಣು ಬಣ್ಣ ಬಂತು. ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಮತ್ತೆ ತಕ್ಕಡಿಗಿಟ್ಟ. ಎರಡು ಮಿಲಿಗ್ರಾಂ ಕಡಿಮೆ ಬಂತು.

"ಅದು ಕೊಳೆ," ಎಂದ.

ಓಲೆ ಹೊಳೆಯುತ್ತಿತ್ತು. ಕೊಟ್ರಮ್ಮ ಅದನ್ನು ನೋಡಿದಳು, ಸರವನ್ನು ನೋಡಿದಳು, ಆಮೇಲೆ ಗೋಡೆಯ ಗಡಿಯಾರವನ್ನು ನೋಡಿದಳು. ಹತ್ತು ನಿಮಿಷವೂ ಆಗಿರಲಿಲ್ಲ.

"ಇಷ್ಟೇನಾ?" ಎಂದು ಕೇಳಿದಳು.

"ಇಷ್ಟೇ ತಾಯಿ," ಎಂದ ಆಚಾರಿ. ತಲೆ ಎತ್ತಲು ಅವನಿಗೆ ಆಗಲಿಲ್ಲ.