ಅಸಲಿಗೆ ಹಾಕಿದ ಹದಿನಾರು ಸಾವಿರ

ಹಳಿಯಾಳದ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಗಾಡಿಗಳಿಗೆ ಸಾಲ ಕೊಡುವ ಕಂಪನಿಯ ಆಫೀಸು ಇತ್ತು. ನಾನು ಅಲ್ಲಿ ಫಾರ್ಮು ತುಂಬುತ್ತಿದ್ದೆ. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ. ಆದರೂ ಇಂಗ್ಲಿಷ್ ಕರಾರುಪತ್ರವನ್ನು ಜನರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವನು ಅಲ್ಲಿ ನಾನೊಬ್ಬನೇ. ಮ್ಯಾನೇಜರನಿಗೆ ಬೇಕಾದದ್ದು ಸಹಿ. ಜನರಿಗೆ ತಿಳಿಯಿತೋ ಬಿಟ್ಟಿತೋ, ಅವನಿಗೆ ಸಂಬಂಧವಿಲ್ಲ.

2003ರ ದಸರೆ ಮುಗಿದ ವಾರ ಕುಬೇರ ಬಂದ. ಕುಂಬಾರವಾಡದ ಹತ್ತಿರದ ಹಾಡಿಯವನು. ಎರಡು ಎಮ್ಮೆ ಮಾರಿ, ಹೆಂಡತಿ ಗೋಮಿಬಾಯಿಯ ಬೆಳ್ಳಿ ಕಡಗ ಮಾರಿ ನಲವತ್ತು ಸಾವಿರ ಹೊಂದಿಸಿಕೊಂಡು ಬಂದಿದ್ದ. ಸಾಮಾನು ಹೇರುವ ಮೂರು ಗಾಲಿಯ ಟೆಂಪೊ ಕೊಳ್ಳಬೇಕಿತ್ತು. ಉಳಿದ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಸಾಲ. ಅವನ ಜೀವನದಲ್ಲಿ ಮೊದಲ ಸಾಲ.

"ಹೆಸರು ಕುಬೇರ, ಬಂದಿದ್ದು ಸಾಲಕ್ಕ" ಅಂದೆ.

"ಅಪ್ಪ ಹೆಸರಷ್ಟ ಇಟ್ಟಾನ್ರಿ ಅಣ್ಣಾರ, ದುಡ್ಡು ಇಡೂದ ಮರತಾನ" ಅಂದ. ನಾನು ನಕ್ಕೆ. ನಾನು ಆ ಆಫೀಸಿನಲ್ಲಿ ನಗುವುದು ಅಪರೂಪ.

ಅವನಿಗೆ ಸಹಿ ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕರಾರಿನಲ್ಲಿದ್ದ ಒಂದೊಂದು ಶಬ್ದದ ಮೇಲೂ ಬೆರಳಿಟ್ಟು ಕೇಳಿದ. ನಾನು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಸುರುವಿದೆ.

"ನೋಡು ತಮ್ಮಾ. ಒಂದು ಕಡ್ಡಿ ಅಂದ್ರ ನೂರು ರೂಪಾಯಿ. ಕಂಪನಿ ನಿನಗ ಕೊಟ್ಟ ರೊಕ್ಕಕ್ಕ ಪ್ರಿನ್ಸಿಪಲ್ ಅಂತಾರ, ಅಸಲು. ಅದಕ್ಕ ನೂರಕ್ಕ ವರ್ಷಕ್ಕ ಹದಿನೈದು, ಇದು ಬಡ್ಡಿ ದರ. ಇಎಂಐ ಅಂದ್ರ ಕಂತು. ತಿಂಗಳಾ ತಿಂಗಳಾ ನಾಕ್ ಸಾವಿರದ ನೂರಾ ಅರವತ್ತು, ಮೂರು ವರ್ಷ. ಮ್ಯಾಲಿನ ಅರವತ್ತು ಬಿಡು, ನಲವತ್ತೊಂದು ಕಡ್ಡಿ ಹಿಡಿ. ಮೊದಲನೇ ತಿಂಗಳು ಅದರಾಗ ಹದಿನೈದು ಕಡ್ಡಿ ಬಡ್ಡಿಗೆ, ಇಪ್ಪತ್ತಾರು ಅಸಲಿಗೆ. ಅಸಲು ಕರಗಿದಂಗ ಬಡ್ಡಿ ಕಡ್ಡಿ ಕಡಿಮಿ ಆಕ್ಕಾವು, ಅಸಲಿನ ಕಡ್ಡಿ ಹೆಚ್ಚಾಕ್ಕಾವು. ಕಂತು ಮಾತ್ರ ಅಷ್ಟ."

"ಮತ್ತ ಈ ಕೊಲ್ಯಾಟರಲ್?"

"ಅಡವು. ಗಾಡಿನ ಅಡವು. ಸಾಲ ಮುಗಿಯೂತನಾ ಗಾಡಿ ಪುಸ್ತಕದಾಗ ಕಂಪನಿ ಹೆಸರು ಇರ್ತೈತಿ. ನೀ ಓಡಿಸ್ಬಹುದು, ಮಾರಾಂಗಿಲ್ಲ. ಕಂತು ತಪ್ಪಿಸಿದ್ರ ಎಳಕೊಂಡು ಹೋಗ್ತಾರ."

ಅವನು ಕಡ್ಡಿಗಳನ್ನು ತಾನೇ ಎರಡು ಗುಂಪು ಮಾಡಿ ನೋಡಿದ. "ಹಂಗಾರ ಅಸಲಿಗೆ ಹೆಚ್ಚು ಹಾಕಿದ್ರ ಬಡ್ಡಿ ಉಳಿತೈತಿ."

"ಶಾಣ್ಯಾ ಇದ್ದೀ" ಅಂದೆ. ಅದನ್ನು ಅಷ್ಟಕ್ಕೇ ಬಿಟ್ಟೆ.

ಏಳು ತಿಂಗಳು ಅವನು ತಪ್ಪದೆ ಕಟ್ಟಿದ. ಜೊಯಿಡಾದಿಂದ ದಾಂಡೇಲಿಗೆ ಮುರುಗಲು, ಹಲಸು, ಭತ್ತ ಹೇರುತ್ತಿದ್ದ. ಗಾಡಿಯ ಗಾಜಿನ ಮೇಲೆ ಮಗಳ ಹೆಸರು ಬರೆಸಿದ್ದ, ಸಪ್ನಾ. ಹೆಂಡತಿಗೆ ಕಡಗ ಮತ್ತೆ ಮಾಡಿಸಿಕೊಡುವ ಮಾತು ಪ್ರತಿ ಸಲ ಆಡುತ್ತಿದ್ದ.

ಮೇ ಕೊನೆಗೆ ಬಂದ. ಮಳೆ ಹಿಡಿದರೆ ಅವರ ಕಡೆ ರಸ್ತೆ ಕೆಸರು, ಬಸ್ಸೂ ನಿಲ್ಲುತ್ತದೆ. ಗಾಡಿಯನ್ನು ಹಳಿಯಾಳದಲ್ಲಿ ಹೆಂಡತಿಯ ತಮ್ಮ ಡಾಕಪ್ಪನ ತಗಡಿನ ಕೆಳಗೆ ನಿಲ್ಲಿಸಿ, ನಾಟಿಗೆ ಊರು ಸೇರುವವನಿದ್ದ. ಜೂನ್, ಜುಲೈ, ಆಗಸ್ಟ್, ಸಪ್ಟೆಂಬರ್, ನಾಲ್ಕೂ ಕಂತು ಒಟ್ಟಿಗೆ ತಂದಿದ್ದ. ಹದಿನಾರು ಸಾವಿರದ ಆರುನೂರಾ ನಲವತ್ತು. ಆ ಕಡೆಯವರ ಪದ್ಧತಿಯೇ ಹಾಗೆ. ಮಳೆಗಾಲದ ಉಪ್ಪು, ಎಣ್ಣೆ, ಒಣಮೀನು ಎಲ್ಲವನ್ನೂ ಮೇ ತಿಂಗಳಲ್ಲೇ ತುಂಬಿಡುತ್ತಾರೆ. ಅವನು ಕಂತನ್ನೂ ಹಾಗೇ ತುಂಬಿಡಲು ಬಂದಿದ್ದ.

ಆಗ ನಾನು ಯಾರೋ ಒಬ್ಬ ಲಾರಿಯವನ ಜೊತೆ ಜಗಳದಲ್ಲಿದ್ದೆ. ಕುಬೇರ ಅರ್ಧ ತಾಸು ಕಾದ. ಕಡೆಗೆ ಹತ್ತಿರ ಬಂದು ಕೇಳಿದ.

"ಅಣ್ಣಾರ, ಮುಂಗಡ ರೊಕ್ಕ ತಂದೇನ್ರಿ. ಅಸಲಿಗೆ ಹಾಕ್ರಿ ಅಂತ ಹೇಳ್ಲಿ? ಬಡ್ಡಿನೂ ಉಳಿತೈತಲ್ರಿ."

"ಹೇಳಿ ಕಟ್ಟಿ ಹೋಗೋ ಮಾರಾಯಾ! ಕೌಂಟರ್ ಅಲ್ಲೈತಿ, ನನ್ನ ತಲಿ ಯಾಕ ತಿಂತಿ?"

ಅವನು ಹೋಗಿ ಹಾಗೇ ಹೇಳಿದ. ಕ್ಯಾಷಿಯರ್ ಚೀಟಿಯಲ್ಲಿ ಹಾಗೇ ಬರೆದ. ಕುಬೇರ ಸಹಿ ಮಾಡಿದ.

ಅಸಲಿಗೆಂದು ಕಟ್ಟಿದ ದುಡ್ಡು ಸಾಲದ ಬಾಕಿಯನ್ನು ಇಳಿಸುತ್ತದೆ. ಮುಂದಿನ ತಿಂಗಳ ಕಂತನ್ನು ಮಾಫಿ ಮಾಡುವುದಿಲ್ಲ. ಜೂನ್ ಕಂತು ಜೂನಿನಲ್ಲೇ ಬರಬೇಕು. "ಮುಂದಿನ ನಾಕ್ ಕಂತಿಗೆ" ಎಂದಿದ್ದರೆ ಮುಗಿಯುತ್ತಿತ್ತು. ಈ ಒಂದು ಮಾತು ನಾನು ಅವನಿಗೆ ಹೇಳಿರಲಿಲ್ಲ.

ಮೂರು ಕಂತು ಬರಲಿಲ್ಲವೆಂದು ಕಂಪನಿಯ ಲೆಕ್ಕ. ಗಾಡಿ ಎತ್ತುವ ಪಟ್ಟಿ ಹುಬ್ಬಳ್ಳಿಯಿಂದ ಬರುತ್ತಿತ್ತು, ನನ್ನ ಮೇಜಿಗೆ ಬರುತ್ತಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ನಾನು ಮುಂಡಗೋಡದಲ್ಲಿ ತಂಗಿಯ ಮನೆಯಲ್ಲಿದ್ದಾಗ ತಗಡಿನ ಕೆಳಗಿದ್ದ ಟೆಂಪೊ ಎಳೆದೊಯ್ದರು. ಡಾಕಪ್ಪ ಸುದ್ದಿ ಮುಟ್ಟಿಸಲು ಜೊಯಿಡಾದವರೆಗೆ ಹೋಗಿದ್ದನಂತೆ. ಮುಂದೆ ಹಳ್ಳ ತುಂಬಿ ದಾರಿ ಇರಲಿಲ್ಲ. ಸಪ್ಟೆಂಬರ್ ಮುಗಿಯುವುದರೊಳಗೆ ಹರಾಜಾಯಿತು.

ಅಕ್ಟೋಬರಿನಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಬಂದರು. ಡಾಕಪ್ಪನ ಮನೆಯಲ್ಲಿ ಸುದ್ದಿ ಕೇಳಿ ನೇರ ಬಂದಿದ್ದರು. ಕುಬೇರ ಕೂಗಾಡಲಿಲ್ಲ. ಪ್ಲಾಸ್ಟಿಕ್ ಚೀಲದಿಂದ ಐದು ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಒಂದನ್ನೂ ಒಡೆದಿರಲಿಲ್ಲ. ಎಲ್ಲದಕ್ಕೂ ಕುಂಕುಮ ಹಚ್ಚಿತ್ತು.

"ಇವು ರಶೀದಿ ಅಲ್ಲೇನ್ರಿ ಅಣ್ಣಾರ? ಪೋಸ್ಟಿನವ ಎರಡು ಸಲ ನಡ್ಕೊಂತ ಬಂದು ಕೊಟ್ಟಾನ. ಕಂಪನಿ ಕಾಗದ ಜ್ವಾಕಿ ಇಡು ಅಂತ ನೀವ ಹೇಳಿದ್ರಿ. ದೇವರ ಮುಂದ ಇಟ್ಟಿದ್ವಿ."

ನಾನು ಒಂದೊಂದೇ ಒಡೆದು ಓದಿದೆ. ಜೂನ್ ಕಂತು ಬಾಕಿ. ಜುಲೈ ಬಾಕಿ. ಮೂರೂ ಬಾಕಿ, ಏಳು ದಿನದಲ್ಲಿ ಕಟ್ಟದಿದ್ದರೆ ಗಾಡಿ ಜಪ್ತಿ. ಜಪ್ತಿಯಾಗಿದೆ, ಹರಾಜಿಗೆ ಇಡುತ್ತೇವೆ. ಕೊನೆಯದು: ಗಾಡಿ ಎಂಬತ್ತೆರಡು ಸಾವಿರಕ್ಕೆ ಹೋಗಿದೆ, ಉಳಿದ ಅಸಲು, ಬಡ್ಡಿ, ದಂಡ, ಎಳೆದೊಯ್ದ ಖರ್ಚು ಸೇರಿ ಇನ್ನೂ ಹನ್ನೊಂದು ಸಾವಿರದ ನಾಲ್ಕುನೂರು ನೀವೇ ಕೊಡಬೇಕು.

ನಾನು ಮ್ಯಾನೇಜರನ ಕೋಣೆಗೆ ನುಗ್ಗಿದೆ. ಮೇಜು ಗುದ್ದಿದೆ. "ಮನಿಷಾ ನಾಕ್ ತಿಂಗಳದ್ದು ಮೊದಲ ತಂದು ಸುರುವಿದಾನ, ಅವನ ಗಾಡಿ ಎತ್ತತೀರಿ?"

ಮ್ಯಾನೇಜರ್ ಚೀಟಿ ತೆಗೆದು ತೋರಿಸಿದ. "ಅಸಲಿಗೆ ಅಂತ ಬರದೈತಿ. ಸಹಿ ಯಾರದು? ಕಲಿಸಿದ್ದು ಯಾರು, ಶೇಖಪ್ಪ?"

ಹೊರಗೆ ಬಂದು, ಅಸಲಿಗೆ ಕಟ್ಟಿದ್ದು ಕಂತಿನ ಲೆಕ್ಕಕ್ಕೆ ಬಂದಿಲ್ಲವೆಂದು ಕುಬೇರನಿಗೆ ಹೇಳಿದೆ. ಜೀವನದಲ್ಲಿ ನನ್ನ ಸಿಟ್ಟು ಹಾಗೆ ಇಳಿದು ಹೋದದ್ದು ಅದೊಂದೇ ಸಲ.

ಗೋಮಿಬಾಯಿ ನನ್ನ ಮುಖ ನೋಡಿದಳು. ಅವಳ ಬರಿಗೈ ಮೇಜಿನ ಅಂಚಿನ ಮೇಲಿತ್ತು. "ಅಣ್ಣಾರ, ನಾವು ಕೊಟ್ಟ ಹದಿನಾರು ಸಾವಿರ ಈಗ ಎಲ್ಲೈತ್ರಿ?"

ಕುಬೇರ ನನ್ನ ಮೇಜಿನಿಂದ ಬೆಂಕಿಪೊಟ್ಟಣ ಎಳೆದುಕೊಂಡ. ಕಡ್ಡಿಗಳನ್ನು ಸುರುವಿ ಹೆಂಡತಿಗೆ ತೋರಿಸತೊಡಗಿದ.

"ಇದು ಅಸಲು ನೋಡು. ನಾವು ಕೊಟ್ಟದ್ದು ಇದರಾಗ ಹೋತು, ಇದು ಇಷ್ಟು ಕಡಿಮಿ ಆತು. ಸುಳ್ಳಲ್ಲ ಅದು, ಕಡಿಮಿ ಆಗೇತಿ. ಆದ್ರ ಕಂತು ಬ್ಯಾರೆ. ಕಂತಿಗೆ ಅಂತ ಹೇಳಬೇಕಿತ್ತು, ನಾ ಅಸಲಿಗೆ ಅಂದೆ. ಅಣ್ಣಾರದ್ದೇನು ತಪ್ಪಿಲ್ಲ, ಅವರು ಛಲೋ ಹೇಳಿಕೊಟ್ಟಿದ್ರು."

ತಪ್ಪಿಲ್ಲದೆ ಹೇಳಿದ. ನನಗಿಂತ ಚೆನ್ನಾಗಿ ಹೇಳಿದ. ಆಮೇಲೆ ಕಡ್ಡಿಗಳನ್ನೆಲ್ಲ ಆರಿಸಿ ಪೊಟ್ಟಣಕ್ಕೆ ತುಂಬಿ ನನ್ನ ಕಡೆ ಸರಿಸಿದ. "ಉಳಿದ ಹನ್ನೊಂದು ಸಾವಿರಕ್ಕ ಕಂತು ಮಾಡಿಕೊಡ್ತಾರೇನ್ರಿ?" ಎಂದು ಕೇಳಿದ.