ಬೇಡಕ್ಕ ಕತ್ತರಿಸಿದ ಹಗ್ಗ

ಊರಿನವರು ಅವಳಿಗೆ ಬೇಡಕ್ಕ ಎಂದು ಹೆಸರಿಟ್ಟದ್ದು ತಮಾಷೆಗೇ ಆದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆರೋಗ್ಯ ಕೇಂದ್ರದ ಕಾರ್ಯಕರ್ತೆ ಅವಳು. ಮನೆಮನೆ ಸುತ್ತಿ ಮಕ್ಕಳ ತೂಕ ನೋಡುವುದು, ಬಸುರಿಯರಿಗೆ ಮಾತ್ರೆ ಕೊಡುವುದು ಅವಳ ಕೆಲಸ. ಎರಡು ವರ್ಷದ ಹಿಂದೆ ಹಾವು ಕಡಿತದ ಬಗ್ಗೆ ಒಂದು ದಿನದ ತರಬೇತಿಗೆ ಹೋಗಿ ಬಂದಳು ನೋಡಿ, ಅಲ್ಲಿಂದ ಶುರುವಾಯಿತು. ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಟ್ಟು ಹೀರಬೇಡಿ, ಸೊಪ್ಪು ಅರೆದು ಹಚ್ಚಬೇಡಿ, ಹಾವನ್ನು ಹುಡುಕಿಕೊಂಡು ಹೋಗಬೇಡಿ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರನ್ನೂ ಬಿಡುತ್ತಿರಲಿಲ್ಲ.

"ಮತ್ತೇನಕ್ಕ, ಕಡಿಸ್ಕೊಂಡು ಸುಮ್ನೆ ಮಲಗ್ಬೇಕಾ?" ಎಂದು ಯಾರಾದರೂ ಕಿಚಾಯಿಸಿದರೆ, "ಹೌದು ಕಣ್ರೀ, ಸುಮ್ನೆ ಮಲಗ್ಬೇಕು! ಕೈಕಾಲು ಅಲ್ಲಾಡದ ಹಾಗೆ ಮಲಗಿಸಿ, ಸಿಕ್ಕಿದ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು" ಎಂದು ಅಲ್ಲೇ ಝಾಡಿಸುತ್ತಿದ್ದಳು.

ಅವಳ ಅಕ್ಕ, ಭಾವ ಹಗ್ಗ ಹೊಸೆಯುವವರು. ಮನೆಯ ಹಿಂದೆ ಉದ್ದನೆಯ ಚಪ್ಪರ, ಒಂದು ತುದಿಯಲ್ಲಿ ತಿರುಗಿಸುವ ಚಕ್ರ, ಇನ್ನೊಂದು ತುದಿಯಲ್ಲಿ ಆಳೆತ್ತರದ ನಾರಿನ ರಾಶಿ. ಆ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಕ್ಕ ರಾಶಿಯ ಬುಡಕ್ಕೆ ಕೈಹಾಕಿ ನಾರು ಎಳೆದಳು. ನಾಗರಹಾವು ಕೈಯ ಹಿಂಭಾಗಕ್ಕೇ ಕಚ್ಚಿತು.

ಸುದ್ದಿ ತಿಳಿದು ಬೇಡಕ್ಕ ಚಪ್ಪಲಿ ಸಹ ಮೆಟ್ಟದೆ ಓಡಿ ಬರುವಷ್ಟರಲ್ಲಿ ಭಾವ ಮಾಡಬಾರದ್ದನ್ನು ಮಾಡಿ ಮುಗಿಸಿದ್ದ. ಮೊಣಕೈಯ ಮೇಲೆ ಹಗ್ಗ. ಅದೂ ಎಂಥಾ ಕಟ್ಟು! ಭಾರದ ಸಾಮಾನು ಜಗ್ಗಿದಷ್ಟೂ ಬಿಗಿಯುತ್ತಲೇ ಹೋಗುವ ಗಂಟು ಅದು. ನಲವತ್ತು ವರ್ಷ ಅದನ್ನೇ ಹಾಕಿದ ಕೈ. ಬೇರೆ ಮನೆಯವರಾಗಿದ್ದರೆ ಹಳೇ ಬಟ್ಟೆಯೋ ಪಟ್ಟಿಯೋ ಸಡಿಲವಾಗಿ ಸುತ್ತುತ್ತಿದ್ದರೇನೋ.

"ಅಯ್ಯೋ ಭಾವ! ಕಟ್ಟಬೇಡಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲ, ನಮ್ಮನೇಲೇ ಹಿಂಗ್ ಮಾಡ್ಬಿಟ್ರಲ್ಲ!"

"ಕೈ ತಾನಾಗೇ ಕಟ್ಬಿಡ್ತು ಕಣಮ್ಮ. ಈಗ ಮುಟ್ಬೇಡ. ಆಸ್ಪತ್ರೆ ತಂಕ ಮುಟ್ಬೇಡ" ಎಂದ ಭಾವ.

ಜಗಳಕ್ಕೆ ಹೊತ್ತಿರಲಿಲ್ಲ. ಬೇಡಕ್ಕ ಅಕ್ಕನ ಉಂಗುರ, ಬಳೆ ತೆಗೆದಳು. ಕೈಗೆ ಒಂದು ಹಲಗೆ ತುಂಡು ಆನಿಸಿ, ಮುರಿದ ಮೂಳೆಗೆ ಕಟ್ಟುವ ಹಾಗೆ ಹಗುರವಾಗಿ ಬಟ್ಟೆ ಸುತ್ತಿದಳು. ಕಚ್ಚಿದ ಹೊತ್ತು ಬರೆದುಕೊಂಡಳು. ಆಸ್ಪತ್ರೆಗೆ ಫೋನ್ ಮಾಡಿ ಹಾವಿನ ವಿಷ ಇಳಿಸುವ ಔಷಧಿ ಇದೆಯೇ ಎಂದು ಕೇಳಿದಳು. ಇದೆ, ಕರೆತನ್ನಿ ಎಂದರು. ಕಟ್ಟಿದ ಹಗ್ಗದ ಮಾತನ್ನು ಅವಳು ಎತ್ತಲಿಲ್ಲ. ಎತ್ತಬಹುದಿತ್ತು. ಆದರೆ ಕಟ್ಟಬಾರದು ಎಂಬುದು ಅವಳಿಗೆ ಗೊತ್ತಿರುವುದೇ ಅಲ್ಲವೇ? ಗೊತ್ತಿರುವುದನ್ನು ಯಾರು ಕೇಳುತ್ತಾರೆ!

ನಾರು ಸಾಗಿಸುವ ಟೆಂಪೊ ಬಂತು. ಭಾವ ಮುಂದೆ ಡ್ರೈವರನ ಪಕ್ಕ ಕೂತ. ಹಿಂದೆ, ಹಾಸಿದ ಗೋಣಿಯ ಮೇಲೆ ಅಕ್ಕ ಮಲಗಿದಳು, ಅವಳ ತಲೆ ಬೇಡಕ್ಕನ ತೊಡೆಯ ಮೇಲೆ. ಆಸ್ಪತ್ರೆಗೆ ನಲವತ್ತು ನಿಮಿಷದ ದಾರಿ.

ಮೊದಲು ಅಕ್ಕ ಧೈರ್ಯವಾಗೇ ಇದ್ದಳು. "ನಿಂಗೆ ಪಾಠ ಹೇಳೋಕೆ ಒಂದು ಕೈ ಸಿಕ್ತು ನೋಡೇ" ಎಂದು ನಗಲು ನೋಡಿದಳು. ಹತ್ತು ನಿಮಿಷವಾದ ಮೇಲೆ ನಗು ನಿಂತಿತು. ಹಗ್ಗದ ಕೆಳಗೆ ಕೈ ಕಪ್ಪಿಟ್ಟು ತಣ್ಣಗಾಗಿತ್ತು, ಬೆರಳು ಬದನೆಕಾಯಿಯ ಹಾಗೆ ಊದಿದ್ದವು.

"ಬಿಚ್ಚೇ. ನಿನ್ನ ಕಾಲಿಗೆ ಬೀಳ್ತೀನಿ, ಬಿಚ್ಚೇ. ಹಾವಿಗಿಂತ ಈ ಹಗ್ಗಾನೇ ನನ್ನ ಕೊಲ್ತಿದೆ."

ಬೇಡಕ್ಕನ ಕಣ್ಣ ಮುಂದೆ ತರಬೇತಿಯಲ್ಲಿ ಕೊಟ್ಟ ಚಿತ್ರದ ಹಾಳೆ ನಿಂತಿತು. ಕಟ್ಟಿದ ಕೈ, ಅದರ ಮೇಲೆ ಕೆಂಪು ಗೀಟು. ಆ ಹಾಳೆಯಲ್ಲಿ ಕಟ್ಟಬೇಡಿ ಎಂದಿತ್ತು. ಆಗಲೇ ಕಟ್ಟಿದ್ದರೆ ಏನು ಮಾಡಬೇಕು ಎಂದು ಇರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ. ಗಂಟು ಬಿಚ್ಚಲು ಬರಲಿಲ್ಲ. ಚೀಲದಿಂದ ಬ್ಯಾಂಡೇಜಿನ ಕತ್ತರಿ ತೆಗೆದು ಹಗ್ಗವನ್ನು ಕತ್ತರಿಸಿಯೇ ಬಿಟ್ಟಳು. ಅಕ್ಕ ಉಸ್ಸಪ್ಪಾ ಎಂದು ಕಣ್ಣು ಮುಚ್ಚಿದಳು. "ನೀನು ನೂರ್ಕಾಲ ಬಾಳು" ಎಂದಳು.

ಐದೇ ನಿಮಿಷ. "ನೀನ್ಯಾಕೆ ಇಬ್ಬಿಬ್ಬರು ಕಾಣ್ತಿದೀಯ?" ಎಂದಳು ಅಕ್ಕ. ರೆಪ್ಪೆ ಜೋತುಬಿದ್ದವು, ಎತ್ತಲು ನೋಡಿದರೂ ಏಳಲಿಲ್ಲ. ನಾಲಿಗೆ ದಪ್ಪವಾಗಿ ಮಾತು ತೊದಲಿತು, ಬಾಯಿಯ ಅಂಚಿನಿಂದ ಜೊಲ್ಲು ಇಳಿಯಿತು. ಬೇಡಕ್ಕ ಅವಳನ್ನು ಎಡಮಗ್ಗುಲಿಗೆ ತಿರುಗಿಸಿ, ಟೆಂಪೊದ ತಗಡನ್ನು ದಬದಬ ಬಡಿದಳು. "ಓಡಿಸಪ್ಪಾ! ಇನ್ನೂ ಜೋರಾಗಿ ಓಡಿಸು!"

ಆಸ್ಪತ್ರೆ ಇನ್ನೂ ಹತ್ತು ನಿಮಿಷ ಇದೆ ಎನ್ನುವಾಗ ಉಸಿರು ನಿಂತಿತು. ಬೇಡಕ್ಕ ಅಕ್ಕನ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದಳು. ಒಂದು ಸಲ ಎದೆ ಏರುತ್ತಿತ್ತು, ಇನ್ನೊಂದು ಸಲ ಗಾಡಿ ಕುಲುಕಿ ಊದಿದ ಉಸಿರೆಲ್ಲ ಹೊರಗೇ ಹೋಗುತ್ತಿತ್ತು. "ಹೋಗಬೇಡ ಕಣೇ, ಹೋಗಬೇಡ" ಎನ್ನುತ್ತ ಮತ್ತೆ ಊದಿದಳು.

ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿದರು, ಬಲೂನಿನಂಥ ಚೀಲ ಒತ್ತಿ ಉಸಿರು ತುಂಬಿದರು, ಎದೆ ಒತ್ತಿದರು, ವಿಷದ ಔಷಧಿ ಏರಿಸಿದರು. ಮುಕ್ಕಾಲು ಗಂಟೆ ಬಿಟ್ಟೂಬಿಡದೆ ಒದ್ದಾಡಿದರು. ಆದರೆ ನಿಂತುಹೋದ ಗುಂಡಿಗೆ ಮತ್ತೆ ಬಡಿಯಲಿಲ್ಲ.

ಡಾಕ್ಟರಮ್ಮ ಬೇಡಕ್ಕನನ್ನು ಒಳಗೆ ಕರೆದು ಕೇಳಿದರು. "ತೋಳಿನ ಮೇಲೆ ಕಟ್ಟಿದ ಗುರುತಿದೆ. ಯಾವಾಗ ಬಿಚ್ಚಿದ್ರಿ?"

"ದಾರೀಲಿ. ಕಟ್ಟಬಾರದು ಅಂತ ತರಬೇತೀಲಿ ನೀವೇ ಹೇಳಿಕೊಟ್ಟಿದ್ದಲ್ವಾ?"

ಡಾಕ್ಟರಮ್ಮ ಕುರ್ಚಿ ಎಳೆದು ಅವಳನ್ನು ಕೂರಿಸಿದರು. "ಕಟ್ಟಬಾರದು ನಿಜ. ಆದರೆ ಬಿಗಿಯಾಗಿ ಕಟ್ಟಿಬಿಟ್ಟಿದ್ರೆ ದಾರೀಲಿ ಬಿಚ್ಚಬಾರದು. ತಡೆದು ನಿಂತ ವಿಷ ಒಂದೇ ಸಲ ಮೈಗೆ ನುಗ್ಗಿಬಿಡುತ್ತೆ. ಇಲ್ಲಿ ಔಷಧಿ ಶುರು ಮಾಡಿ, ಉಸಿರಿನ ಯಂತ್ರ ಪಕ್ಕದಲ್ಲಿಟ್ಟುಕೊಂಡು ನಿಧಾನಕ್ಕೆ ಸಡಿಲ ಮಾಡ್ತೀವಿ. ಬಿಚ್ಚದಿದ್ರೆ ಬದುಕ್ತಿದ್ರು ಅಂತ ನಾನು ಖಂಡಿತ ಹೇಳಲಾರೆ. ಕೈ ಹೋಗ್ತಿತ್ತೋ ಏನೋ. ಇದನ್ನ ತರಬೇತೀಲಿ ನಾವು ಹೇಳಬೇಕಿತ್ತು, ತಪ್ಪು ನಮ್ಮದೂ ಇದೆ."

ಬೇಡಕ್ಕ ಹೊರಗೆ ಬಂದಳು. ಭಾವ ಬೆಂಚಿನ ಮೇಲೆ ಮುದುಡಿ ಕೂತಿದ್ದ. ಪಕ್ಕದಲ್ಲಿ ನಿಂತ ಡ್ರೈವರ್ ಸುಮ್ಮನಿರಲಾರದೆ, "ಕಟ್ಟಬೇಡಿ ಅಂತ ನಿಮ್ಮ ನಾದಿನಿ ಬಡ್ಕೊಂಡ್ರಲ್ಲ ಯಜಮಾನ್ರೇ, ಕೇಳಬಾರದಿತ್ತಾ?" ಎನ್ನುತ್ತಿದ್ದ.

"ನಾನೇ ಕೊಂದೆ" ಎಂದ ಭಾವ. "ನೀನು ನೂರು ಸಲ ಹೇಳಿದ್ದೆ ಕಣಮ್ಮ. ನನ್ನ ಈ ದರಿದ್ರ ಕೈ ಕೇಳಲಿಲ್ಲ."

ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಊರೆಲ್ಲ ಅವಳ ಮಾತನ್ನೇ ಎತ್ತಿಹಿಡಿಯುತ್ತಿತ್ತು. ಭಾವ ಸಾಯುವ ತನಕ ಅದನ್ನು ಹೊತ್ತು ತಿರುಗುತ್ತಿದ್ದ. ಹಾಗೊಂದು ಯೋಚನೆ ಅವಳಿಗೆ ಬಂದದ್ದು ಸುಳ್ಳಲ್ಲ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಭಾವ, ನೀವಲ್ಲ. ನಾನು ದಾರೀಲಿ ಹಗ್ಗ ಕತ್ತರಿಸಿದೆ. ಕತ್ತರಿಸಬಾರದಿತ್ತಂತೆ. ಅದಾದ ಮೇಲೇ ಅಕ್ಕನಿಗೆ ವಿಷ ಏರಿದ್ದು."

ಭಾವ ತಲೆಯೆತ್ತಿ ಅವಳನ್ನು ನೋಡಿದ. ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಅವಳು ಅಲ್ಲೇ ನಿಂತಳು.

"ಬಿಚ್ಚು ಅಂತ ಅವಳೇ ಕೇಳಿದ್ಲಾ?"

"ಹೂಂ. ಅತ್ತಳು."

"ನನ್ನನ್ನೂ ಕೇಳಿದ್ಲು, ನೀನು ಬರೋಕೆ ಮುಂಚೆ. ಮೂರು ಸಲ ಕೇಳಿದ್ಲು. ಬಾಯ್ಮುಚ್ಕೊಂಡು ತಡ್ಕೋ ಅಂತ ಬೈದೆ. ಅದೇ ನಾನು ಅವಳ ಹತ್ರ ಆಡಿದ ಕೊನೇ ಮಾತು." ಅವನು ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿದ. "ಬಿಚ್ಚಿದಾಗ ನೋವು ಕಮ್ಮಿ ಆಯ್ತಾ ಅವಳಿಗೆ?"

"ಆಯ್ತು ಭಾವ. ನೂರ್ಕಾಲ ಬಾಳು ಅಂದ್ಲು."

ಬೇಡಕ್ಕ ಅವನ ಪಕ್ಕದಲ್ಲಿ ಕುಸಿದು ಕೂತು, ಆಸ್ಪತ್ರೆಯೆಲ್ಲ ಕೇಳುವ ಹಾಗೆ ಅತ್ತಳು.