ಎರಡು ಆಷಾಢಗಳ ಸಂಬಳ

ತುಳಸಿ ಲಗ್ನದ ಮರುದಿನದಿಂದಲೇ ನಿಪ್ಪಾಣಿಯ ನಮ್ಮ ಬ್ಯಾಂಡಿನ ಅಂಗಡಿಗೆ ಮದುವೆಗಳ ಸುಪಾರಿ ಬರತೊಡಗುತ್ತಿತ್ತು. ಮೇಲೊಂದು ಅಡಿಕೆ, ಕೆಳಗೆ ಸಂಚಕಾರವೆನ್ನುವ ಮುಂಗಡದ ನೋಟುಗಳು. ಅಥಣಿಯವರಿರಲಿ, ರಾಯಬಾಗದವರಿರಲಿ, ಮುಂಗಡ ಕೊಡುವ ಮೊದಲು ಎಲ್ಲರೂ ಕೇಳುವುದು ಒಂದೇ ಮಾತು: "ಮಾಳಸಿದ್ದನ ಕ್ಲಾರಿನೆಟ್ ಇರತೈತಿ, ಹೌದಿಲ್ರಿ?"

ಆ ವರ್ಷ ಗಲ್ಲಾಪೆಟ್ಟಿಗೆಯ ಮುಚ್ಚಳ ಕೂರದಷ್ಟು ಹಣ ಬಂತು. ಬ್ಯಾಂಡಿನ ಮಾಲಕನಾದ ನಮ್ಮಪ್ಪ ರಾಜಾರಾಮನ ಕಣ್ಣಲ್ಲಿ ಕೊಲ್ಲಾಪುರದ ಅಂಗಡಿಯ ಕೀಬೋರ್ಡೊಂದು ಮಿನುಗತೊಡಗಿತು.

"ಒಂದ ಪೆಟ್ಟಿ ಒಳಗ ಹತ್ತ ವಾದ್ಯ ಐತಿ, ಮಂಗಲಾ. ಈ ವಾರನ ತಗೋತೀನಿ."

ನಾನೂ ಕನಸು ಕಂಡೆ. ನನಗೆ ಕನಸಿಗೆ ಮುಂಗಡ ಬೇಕಿರಲಿಲ್ಲ.

ಅಂದು ಮಧ್ಯಾಹ್ನ ಅಜ್ಜಿ ಅಕ್ಕುತಾಯಿ ಅವರೆ ಸುಲಿಯುತ್ತ ಧೋಂಡಿ ತಿಂಗಳಿನ, ಅಂದರೆ ಅಧಿಕ ಮಾಸದ, ಕಥೆ ತೆಗೆದಳು. ಹನ್ನೆರಡು ತಿಂಗಳಿಗೂ ಒಬ್ಬೊಬ್ಬ ದೇವರು, ಒಂದೊಂದು ಮನೆ. ಮೂರು ವರ್ಷಕ್ಕೊಮ್ಮೆ ಹುಟ್ಟುವ ಹದಿಮೂರನೆಯದಕ್ಕೆ ಮಾತ್ರ ಯಾರೂ ಬಾಗಿಲು ತೆರೆಯಲಿಲ್ಲ.

"ಅದರಾಗ ಲಗ್ನ ಇಲ್ಲ, ಮುಂಜಿ ಇಲ್ಲ. ಆದ್ರ ಹೊಟ್ಟಿ ಬಿಡತೈತೇನ? ಅದಕ್ಕ ದೇವರು, ನನ್ನ ಹತ್ರ ಬಾ, ಅಂದ. ಅಳಿಯಂದ್ರನ್ನ ಕರದ ಉಣ್ಣಸೂ ತಿಂಗಳ ಅದು."

ಒದ್ದೆ ಕಂಬಳಿ ಹೊದ್ದ ಆ ತಿಂಗಳು ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಬಾಡಿಗೆಗೆ ಕೈ ಚಾಚಿದಂತೆ ಕಂಡಿತು. ಎದ್ದು ಹೋಗಿ ಗೋಡೆಗೆ ತೂಗುಹಾಕಿದ್ದ ತೊಂಬತ್ತಾರರ ಹೊಸ ಕ್ಯಾಲೆಂಡರ್ ಮಗುಚಿದೆ. ಜ್ಯೇಷ್ಠ ಮುಗಿದ ಮೇಲೆ ಅಧಿಕ ಆಷಾಢ, ಅದರ ಹಿಂದೆ ಮತ್ತೊಂದು ಆಷಾಢ. ಮುಂದಿನ ತುಳಸಿ ಲಗ್ನ ನವೆಂಬರಿನ ಕೊನೆಯ ಭಾಗಕ್ಕೆ ಜಾರಿತ್ತು; ಆಷಾಢದಿಂದ ಅಲ್ಲಿಯವರೆಗೆ ಮದುವೆಗಳಿಲ್ಲ.

"ಅಪ್ಪಾ, ಈ ಸಲ ಖಾಲಿ ಕೂಡೂ ದಿನ ಒಂದ ತಿಂಗಳ ಜಾಸ್ತಿ ಅದಾವ."

"ಅದಾವಂದ್ರ ಇರಲಿ. ದುಡದಿದ್ದ ರೊಕ್ಕ ಇಲ್ಲೇನ?"

"ಎಲ್ಲಿ ದುಡದಿ? ಊದಿದ ಮ್ಯಾಲ ಅದು ನಮ್ಮದು. ಇವತ್ತ ಅದು ಮಂದಿ ರೊಕ್ಕ. ಸೂತಕ ಬಂದು ಲಗ್ನ ಮುಂದ ಹೋದ್ರ ತಿರುಗಿ ಕೊಡಬೇಕು. ಆಮ್ಯಾಲ ಮಳಿಗಾಲದಾಗ ಮಾಳಸಿದ್ದನ ಸಂಬಳ ಎಲ್ಲಿಂದ ಕೊಡತಿ?"

"ಬಾಯಾಗ ಅಪಶಕುನ! ಅವ್ವಾ, ನಿನ್ನ ಕಥಿ ಕೇಳಿ ಈಕಿ ಪಂಚಾಂಗ ಹೇಳೂ ಜೋಶಿ ಆಗ್ಯಾಳ ನೋಡು."

"ಆಗಲಿ ಬಿಡು," ಅಂದಳು ಅಜ್ಜಿ. "ನಿನಗ ಜೋಶಿನ ಬೇಕಾಗಿತ್ತು."

ಅಪ್ಪನಿಗೆ ಚುಚ್ಚಿದ್ದು ನನ್ನ ಲೆಕ್ಕವಲ್ಲ, ಮಾಳಸಿದ್ದನ ಹೆಸರು. ಬೇರೆ ಬ್ಯಾಂಡಿನವರು ಲಗ್ನಕ್ಕಿಷ್ಟು ಎಂದು ಕೂಲಿ ಕೊಡುತ್ತಾರೆ. ನಮ್ಮಲ್ಲಿ ವರ್ಷವಿಡೀ ತಿಂಗಳ ಸಂಬಳ, ಮಳೆಗಾಲದಲ್ಲೂ. ಅದು ತಪ್ಪಿದ ದಿನ ಅವನು ಹೊಳೆ ದಾಟಿ ಮಿರಜಿನ ಬ್ಯಾಂಡಿಗೆ ಹೋಗುತ್ತಾನೆ. ಅವನಿಲ್ಲದ ಬ್ಯಾಂಡಿಗೆ ಮುಂದಿನ ಸುಪಾರಿಯೂ ಇಲ್ಲ.

ಅಪ್ಪ ಎರಡು ದಿನ ಮುನಿದು ಕೂತ. ಆಮೇಲೆ ಅವನೇ ದಾರಿ ಹುಡುಕಿದ: ಕೀಬೋರ್ಡನ್ನು ನುಡಿಸುವವನ ಸಮೇತ ಬಾಡಿಗೆಗೆ ತರುವುದು, ಅದೂ ಕೇಳಿದವರ ಲಗ್ನಕ್ಕೆ ಮಾತ್ರ, ಅವರದೇ ಖರ್ಚಿನಲ್ಲಿ. ಸಂಚಕಾರ ಪೆಟ್ಟಿಗೆಯಲ್ಲೇ ಉಳಿಯಿತು. ಒಂದೊಂದು ಲಗ್ನ ಮುಗಿದಾಗಲೂ ಅದರ ಹಣದಲ್ಲಿ ಮೊದಲು ಆ ತಿಂಗಳ ಸಂಬಳ, ಬಾಡಿಗೆ. ಮಿಕ್ಕದ್ದರಲ್ಲಿ ದೊಡ್ಡ ಪಾಲು ಬ್ಯಾಂಕಿಗೆ, ಮಳೆಗಾಲದ ಸಂಬಳಕ್ಕೆಂದು. ಶಿರಗುಪ್ಪಿಯ ಮದುವೆಯೊಂದು ನಿಜಕ್ಕೂ ಸೂತಕದಿಂದ ನಿಂತಾಗ ಅಪ್ಪ ನನ್ನ ಮುಖ ನೋಡದೆ ಹಣ ಎಣಿಸಿ ಕೊಟ್ಟ.

ಅಧಿಕ ಆಷಾಢ ಬಂತು. ಹಿಂದಿನ ಸಲದ ಅಧಿಕ ಮಾಸದಲ್ಲಿ ಬಾಡಿಗೆಗೆಂದು ಅಪ್ಪ ಅಜ್ಜಿಯ ಬಳೆ ಅಡವಿಟ್ಟಿದ್ದನಂತೆ; ಈ ಸಲ ಅಂಗಡಿಯ ಮಾಲಕರಾದ ತಂಬಾಕು ವ್ಯಾಪಾರಿ ಆಬಾಸಾಹೇಬರು ಕೇಳುವ ಮೊದಲೇ ಬಾಡಿಗೆ ತಲುಪಿತು.

ಒಂದನೇ ತಾರೀಖಿಗೆ ಮಾಳಸಿದ್ದ ಹೊಸ ರುಮಾಲು ಸುತ್ತಿಕೊಂಡು ಬಂದ.

"ಮಾಲಕ್ರ, ಮಾವನ ಮನಿಗೆ ಹೊಂಟೀನ್ರಿ, ಧೋಂಡಿ ಊಟಕ್ಕ. ಬರೇ ಕೈಲೆ ಹೋದ್ರ ಮಾವನ ಮುಂದ ಮಾನ ಉಳಿತೈತೇನ್ರಿ?"

ಅಪ್ಪ ಸಂಬಳವನ್ನು ಅವನ ಅಂಗೈಗಿಟ್ಟ. ಮಾಳಸಿದ್ದ ಹೋದ. ನಾಲ್ಕು ದಿನದ ಮಾತು ಹೇಳಿದವನು ವಾರವಾದರೂ ಬರಲಿಲ್ಲ. ಅವನ ಮಾವನ ಊರು ಮಿರಜಿನ ದಾರಿಯಲ್ಲೇ ಇತ್ತು. ಅಪ್ಪ ಊಟ ಮಾಡುವಾಗಲೂ ಬಾಗಿಲ ಕಡೆಗೇ ಕೂತ. ನನಗೂ ಭಯ: ಸಂಬಳ ಕೊಟ್ಟೂ ಕಳೆದುಕೊಂಡೆವೇ?

ಎಂಟನೆಯ ದಿನ ಮಳೆಯಲ್ಲಿ ತೊಯ್ದು, ಹೊಟ್ಟೆ ಮುಂದಾಗಿ ಬಂದ.

"ಯಾಕೋ ಇಷ್ಟ ದಿನ?" ಅಪ್ಪನ ದನಿ ಗಟ್ಟಿಯಾಗಲು ಹವಣಿಸಿತು.

"ಮಾವ ಬಿಡಲಿಲ್ರಿ. ಹೂರ್ಣದ ಧೋಂಡಿ ಕಡಬ ತಿಂದ ತಿಂದ ಉಸರ ಹಿಡೀವಲ್ದು. ಮಿರಜದ ಬ್ಯಾಂಡಿನಾಂವನೂ ಅಲ್ಲಿಗೇ ಬಂದಿದ್ದ. ಲಗ್ನಕ್ಕ ದುಪ್ಪಟ್ಟ ಕೊಡತೀನಿ ಅಂದ."

"ನೀ ಏನಂದಿ?"

"ಈ ತಿಂಗಳ ಎಷ್ಟ ಕೊಡತೀರಿ ಅಂದ್ನಿ. ಈ ತಿಂಗಳ ಯಾವ ಲಗ್ನ ಐತೋ, ಅಂತ ನಕ್ಕ. ನಾನೂ ನಕ್ಕು ಎದ್ದ ಬಂದ್ನಿ."

ಅಪ್ಪ ಎದ್ದ. ಗೋಡೆಯ ಗೂಟದಿಂದ ಕ್ಲಾರಿನೆಟ್ ಇಳಿಸಿ, ಧೂಳಿಲ್ಲದಿದ್ದರೂ ಒರೆಸಿ, ಅವನ ಕೈಗೆ ಕೊಟ್ಟ. ಹೊಟ್ಟೆ ತುಂಬಿದ ಮಾಳಸಿದ್ದನ ಮೊದಲ ಸ್ವರ ಬಾತುಕೋಳಿಯಂತೆ ಕೂಗಿತು. ಎಲ್ಲರೂ ನಕ್ಕರು. ಎರಡನೆಯದು ಸರಿಯಾಗಿ ಬಂತು.